ನೂರು ಜಿಬಿಯಲ್ಲೇ ಮದುವೆ ಸುಗ್ಗಿ ದಾಟಿಸಿದೆ: ನನ್ನ ಅನುಭವ

ವಿಜಯಪುರದಲ್ಲಿ ನನ್ನದು ಮದುವೆ ಆಲ್ಬಂ ಡಿಸೈನ್ ಮಾಡುವ ಅಂಗಡಿ. ಇಂಡಿ, ಸಿಂದಗಿ, ಮುದ್ದೇಬಿಹಾಳದ ಫೋಟೋಗ್ರಾಫರುಗಳು ಫೋಟೋ ಕಳಿಸುತ್ತಾರೆ, ನಾನು ಶೀಟ್ ಕಟ್ಟಿ ಕೊಡುತ್ತೇನೆ. ಗೂಗಲ್ ಡ್ರೈವ್‌ನಲ್ಲಿ ನನಗಿರುವುದು ನೂರು ಜಿಬಿಯ ಪ್ಲಾನ್. ಕಳೆದ ಸುಗ್ಗಿಯಲ್ಲಿ ಅದು ತೊಂಬತ್ತೈದಕ್ಕೆ ಬಂದು ನಿಂತಾಗ ಕಂಪ್ಯೂಟರ್ ರಿಪೇರಿಯವರು, ಜೊತೆಗಾರರು ಎಲ್ಲರೂ ಒಂದೇ ಮಾತು ಹೇಳಿದರು: "ಪಿಎಸ್‌ಡಿ ಕೆಲಸಕ್ಕೆ ನೂರು ಜಿಬಿ ಯಾವ ಮೂಲೆಗೆ ಸಾಲುತ್ತದೆ ಸರ್, ಎರಡು ಟಿಬಿ ತೆಗೆದುಕೊಂಡುಬಿಡಿ." ಆಗ ಎರಡು ಟಿಬಿಗೆ ತಿಂಗಳಿಗೆ ಆರುನೂರೈವತ್ತರ ಆಸುಪಾಸು, ನೂರು ಜಿಬಿಗೆ ನೂರಾಮೂವತ್ತು. ವರ್ಷಕ್ಕೆ ಆರು ಸಾವಿರಕ್ಕೂ ಹೆಚ್ಚಿನ ವ್ಯತ್ಯಾಸ. ನಾನು ಒಪ್ಪಲಿಲ್ಲ. ಏಕೆಂದರೆ ಡ್ರೈವ್‌ಗೆ ಸಿಂಕ್ ಆಗುವ ಅದೇ ಫೋಲ್ಡರುಗಳನ್ನೆಲ್ಲ ನನ್ನ ಡಿಸ್ಕಿನಲ್ಲಿ ಕೂಡಿಸಿದರೆ ಬರುತ್ತಿದ್ದುದು ಮೂವತ್ತೆಂಟು ಜಿಬಿ ಮಾತ್ರ. ಜಿಮೇಲ್‌ನದು ಎರಡು ಎಂದಿಟ್ಟುಕೊಂಡರೂ ಉಳಿದ ಐವತ್ತೈದು ಎಲ್ಲಿಂದ ಬಂತು?

ಮೊದಲು ಮಾಡಿದ ಕೆಲಸ ಎಲ್ಲರೂ ಮಾಡುವುದೇ. ಹಳೆಯ ಎರಡು ಆಲ್ಬಂಗಳ ಫೋಲ್ಡರುಗಳನ್ನು, ಸುಮಾರು ಎಂಟು ಜಿಬಿಯಷ್ಟು, ಅಳಿಸಿದೆ. ಅಂಕಿ ಒಂದಿಷ್ಟೂ ಕದಲಲಿಲ್ಲ. ಕಂಪ್ಯೂಟರಿನ ರಿಸೈಕಲ್ ಬಿನ್ ಖಾಲಿ ಮಾಡಿದೆ, ಆಗಲೂ ಇಲ್ಲ. ಸಿಂಕ್ ಫೋಲ್ಡರಿನಿಂದ ಅಳಿಸಿದ ಕಡತ ಡ್ರೈವ್‌ನ ಸ್ವಂತ ಟ್ರ್ಯಾಶ್‌ಗೆ ಹೋಗಿ ಮೂವತ್ತು ದಿನ ಕುಳಿತಿರುತ್ತದೆ. ಅಷ್ಟೂ ದಿನ ಅದು ಲೆಕ್ಕದಲ್ಲಿರುತ್ತದೆ. ಬ್ರೌಸರಿನಲ್ಲಿ ತೆರೆದು ಆ ಟ್ರ್ಯಾಶ್ ಖಾಲಿ ಮಾಡಿದೆ. ಹಿಂದೆ ಅಳಿಸಿದ್ದೂ ಸೇರಿ ಅಲ್ಲಿ ಇಪ್ಪತ್ತೆರಡು ಜಿಬಿಯಿತ್ತು. ಆದರೂ ಅಂಕಿ ಇಳಿದದ್ದು ಮರುದಿನ ಬೆಳಗ್ಗೆ. ಹಿಂದಿನ ಸಂಜೆಯೇ ಆಗಲಿಲ್ಲವೆಂದು ಗಾಬರಿಪಟ್ಟು ಇನ್ನೊಂದು ತಪ್ಪು ಮಾಡಿಬಿಟ್ಟಿದ್ದೆ.

ಆ ತಪ್ಪು ಇದು. ಸಿಂದಗಿಯ ಫೋಟೋಗ್ರಾಫರೊಬ್ಬರು ತಮ್ಮ ಫೋಲ್ಡರನ್ನು ತಿದ್ದುವ ಅನುಮತಿಯೊಂದಿಗೆ ನನಗೆ ಹಂಚಿದ್ದರು. ಅದರಲ್ಲಿ ಮುಗಿದ ಮದುವೆಯೊಂದರ ಫೋಟೋಗಳಿದ್ದವು. ನನ್ನ ಜಾಗ ತಿನ್ನುತ್ತಿವೆ ಎಂದುಕೊಂಡು ಅವುಗಳನ್ನು ತೆಗೆದೆ. ನನಗೆ ಒಂದು ಎಂಬಿಯೂ ಸಿಗಲಿಲ್ಲ. ಹಂಚಿದ ಕಡತದ ಭಾರ ಯಾವಾಗಲೂ ಮಾಲೀಕನ ಖಾತೆಯ ಮೇಲೆಯೇ, ನೋಡುವವನ ಮೇಲಲ್ಲ. ಅರ್ಧ ಗಂಟೆಯಲ್ಲಿ ಫೋನ್ ಬಂತು: "ಅಣ್ಣಾ, ಫೋಲ್ಡರಿನಲ್ಲಿದ್ದ ಫೋಟೋ ಎಲ್ಲಿ ಹೋದವು?" ಮಾಲೀಕರಲ್ಲದವರು ತೆಗೆದರೆ ಕಡತ ಸಾಯುವುದಿಲ್ಲ, ಆ ಫೋಲ್ಡರಿನಿಂದ ಹೊರಬೀಳುತ್ತದೆ, ಅಷ್ಟೆ. ಅವರ ಡ್ರೈವ್‌ನ ಹುಡುಕಾಟದಲ್ಲಿ ಇದನ್ನು ಹಾಕಿಸಿದೆ:

```
is:unorganized owner:me
```

ಅಷ್ಟೂ ಫೋಟೋ ಸಿಕ್ಕವು. ಅಂದಿನಿಂದ ಇದನ್ನು ಅಂಗಡಿಯ ಗೋಡೆಯ ಮೇಲೆ ಬರೆದಿಟ್ಟಿದ್ದೇನೆ.

ಇಲ್ಲಿ ಇನ್ನೊಂದನ್ನು ಕಲಿತೆ. ಅವರ ಫೋಟೋಗಳನ್ನು ನಾನು ಡ್ರೈವ್‌ನಲ್ಲಿ ಕಾಪಿ ಮಾಡಿಕೊಂಡರೆ ಆ ಪ್ರತಿ ನನ್ನದಾಗುತ್ತದೆ, ಜಾಗವೂ ನನ್ನದೇ ಹೋಗುತ್ತದೆ. ಶಾರ್ಟ್‌ಕಟ್ ಹಾಕಿಕೊಂಡರೆ ಹೋಗುವುದಿಲ್ಲ. ನನ್ನ ಫೋಲ್ಡರಿಗೆ ಅವರೇ ಅಪ್‌ಲೋಡ್ ಮಾಡಿದರೂ ಮಾಲೀಕರು ಅವರೇ. ಈ ಉಪಾಯದಿಂದ ಕೆಲವು ದಿನ ಹಾಯಾಗಿದ್ದೆ. ಆದರೆ ಇಂಡಿಯ ಹುಡುಗನೊಬ್ಬನದು ಹದಿನೈದು ಜಿಬಿಯ ಉಚಿತ ಖಾತೆ. ಎರಡು ಮದುವೆಗೆ ಅದು ತುಂಬಿ ಅವನ ಜಿಮೇಲ್‌ಗೆ ಮೇಲ್ ಬರುವುದೇ ನಿಂತಿತು. ಜಿಮೇಲ್, ಡ್ರೈವ್, ಫೋಟೋಸ್ ಮೂರಕ್ಕೂ ಸೇರಿ ಇರುವುದು ಅದೊಂದೇ ಹದಿನೈದು. ಈಗ ಉಚಿತ ಖಾತೆಯವರಿಂದ ಪೆನ್‌ಡ್ರೈವ್‌ನಲ್ಲೇ ತೆಗೆದುಕೊಳ್ಳುತ್ತೇನೆ.

ಟ್ರ್ಯಾಶ್ ಖಾಲಿಯಾದ ಮೇಲೂ ಲೆಕ್ಕ ಕೂಡಲಿಲ್ಲ. ನಿಜವಾದ ಕಳ್ಳ ಸಿಕ್ಕಿದ್ದು `drive.google.com/drive/quota` ಪುಟದಲ್ಲಿ. ಅಲ್ಲಿ ನಿಮ್ಮ ಮಾಲೀಕತ್ವದ ಕಡತಗಳು ತಿಂದ ಜಾಗದ ಕ್ರಮದಲ್ಲಿ ಬರುತ್ತವೆ. ಮೇಲೆಯೇ ಒಂದು 12×36 ಶೀಟ್ ಇತ್ತು. ನನ್ನ ಡಿಸ್ಕಿನಲ್ಲಿ ಅದು ನಾನೂರಿಪ್ಪತ್ತು ಎಂಬಿ. ಆ ಪಟ್ಟಿಯಲ್ಲಿ ಹತ್ತು ಜಿಬಿ! ಕಡತವನ್ನು ಆರಿಸಿ ವಿವರಗಳನ್ನು ತೆರೆದರೆ `Size` ಒಂದು, `Storage used` ಇನ್ನೊಂದು. ಈ ಎರಡು ಅಂಕಿ ಬೇರೆಬೇರೆಯಾಗಿದ್ದರೆ ಹಳೆಯ ಆವೃತ್ತಿಗಳು ಅಡಗಿವೆ ಎಂದೇ ಅರ್ಥ. ಬಲಗುಂಡಿ ಒತ್ತಿ `Manage versions` ತೆರೆದೆ. ಇಪ್ಪತ್ತೈದು ಸಾಲು. ವರನ ಅಜ್ಜಿಯ ಫೋಟೋ ಎಡಕ್ಕೋ ಬಲಕ್ಕೋ ಎಂದು ಮನೆಯವರು ಎರಡು ದಿನ ಆಡಿಸಿದ್ದರು. ಪ್ರತಿ ಬಾರಿ ನಾನು ಕಂಟ್ರೋಲ್ ಎಸ್ ಒತ್ತಿದಾಗಲೂ ನಾನೂರಿಪ್ಪತ್ತು ಎಂಬಿಯ ಇಡೀ ಕಡತ ಹೊಸದಾಗಿ ಮೇಲೇರಿತ್ತು. ಬದಲಾದಷ್ಟೇ ಭಾಗವಲ್ಲ, ಪೂರ್ತಿ ಕಡತ.

ಹಿಂದೆ ಹೀಗೇಕೆ ಆಗಿರಲಿಲ್ಲ ಎಂದು ಯೋಚಿಸಿದೆ. ಆಗ ನೆಟ್ ನಿಧಾನವಿತ್ತು. ಒಂದು ಅಪ್‌ಲೋಡ್ ಮುಗಿಯುವುದರೊಳಗೆ ನಾನು ನಾಲ್ಕು ಬಾರಿ ಸೇವ್ ಮಾಡಿರುತ್ತಿದ್ದೆ, ನಡುವಿನವು ಮೇಲೇರುತ್ತಲೇ ಇರಲಿಲ್ಲ. ಫೈಬರ್ ಬಂದ ಮೇಲೆ ಪ್ರತಿ ಸೇವ್ ಕೂಡ ಒಂದು ಆವೃತ್ತಿಯಾಗತೊಡಗಿತು. ವೇಗದ ನೆಟ್ಟೇ ಜಾಗ ತಿಂದಿದ್ದು ಎಂದರೆ ಯಾರೂ ನಂಬಲಿಲ್ಲ. ಸಾಲುಗಳ ಸಮಯ ತೋರಿಸಿದ ಮೇಲೆ ನಂಬಿದರು.

ಈ ಆವೃತ್ತಿಗಳು ಮೂವತ್ತು ದಿನಕ್ಕೆ, ಅಥವಾ ನೂರನ್ನು ದಾಟಿದರೆ, ತಾವೇ ಹೋಗುತ್ತವೆ. ಆದರೆ ಸುಗ್ಗಿಯಲ್ಲಿ ಮೂವತ್ತು ದಿನದಲ್ಲಿ ಐದು ಆಲ್ಬಂ ಬರುತ್ತವೆ, ಕಾಯುವಂತಿಲ್ಲ. ಒಂದೊಂದೇ ಸಾಲನ್ನು ಅಳಿಸುತ್ತ ಮೊದಲ ಶೀಟಿಗೇ ಬೆರಳು ಸೋತವು. ಕಡೆಗೆ ಕಂಡುಕೊಂಡ ದಾರಿ ಹೀಗಿದೆ. ಈಗಿನ ಪ್ರತಿ ನನ್ನ ಡಿಸ್ಕಿನಲ್ಲಿ ಸರಿಯಾಗಿ ತೆರೆಯುತ್ತದೆಯೇ ಎಂದು ನೋಡಿ, ಅದನ್ನು ಸಿಂಕ್ ಇಲ್ಲದ ಡಿ ಡ್ರೈವ್‌ಗೆ ಕಾಪಿ ಮಾಡಿ, ಮೇಲಿನ ಕಡತವನ್ನು ಪೂರ್ತಿ ಅಳಿಸಿ, ಟ್ರ್ಯಾಶ್‌ನಿಂದಲೂ ತೆಗೆದು, ಹೊಸದಾಗಿ ಏರಿಸಿದೆ. ಕಡತದೊಂದಿಗೆ ಅದರ ಎಲ್ಲ ಆವೃತ್ತಿಗಳೂ ಹೋದವು. ಟ್ರ್ಯಾಶ್ ಖಾಲಿ ಮಾಡುವ ಮೊದಲು ಏರಿಸಬೇಡಿ, ಹಳೆಯದೂ ಹೊಸದೂ ಎರಡೂ ಲೆಕ್ಕಕ್ಕೆ ಬೀಳುತ್ತವೆ. ಇನ್ನೊಂದು ತೊಡಕೂ ಇದೆ: ಹಳೆಯ ಲಿಂಕ್ ಸತ್ತುಹೋಗುತ್ತದೆ. ಗ್ರಾಹಕರಿಗೆ ಕಳಿಸಿದ ಶೀಟುಗಳಿಗೆ ಹೀಗೆ ಮಾಡದೆ, ಅವುಗಳ ಸಾಲುಗಳನ್ನು ಮಾತ್ರ ಕೈಯಿಂದ ಅಳಿಸಿದೆ. ಎರಡು ರಾತ್ರಿಯ ಕೆಲಸ. ತೊಂಬತ್ತೈದಿದ್ದುದು ನಲವತ್ತೆರಡಕ್ಕೆ ಇಳಿಯಿತು.

ನಡುವೆ ಡ್ರಾಪ್‌ಬಾಕ್ಸ್‌ನಲ್ಲೂ ಒಂದು ಪ್ರಯೋಗ ಮಾಡಿದೆ. ಅಲ್ಲಿ ಲೆಕ್ಕ ತಿರುಗುಮುರುಗು. ಅಳಿಸಿದ್ದು, ಹಳೆಯ ಆವೃತ್ತಿ ಯಾವುದೂ ಜಾಗದಲ್ಲಿ ಎಣಿಕೆಯಾಗುವುದಿಲ್ಲ. ಅದಕ್ಕೆ ಮರುಳಾಗಿ ಉಚಿತ ಎರಡು ಜಿಬಿಯ ಖಾತೆ ತೆರೆದೆ. ಮುದ್ದೇಬಿಹಾಳದವರು ಒಂದೂವರೆ ಜಿಬಿಯ ಫೋಲ್ಡರ್ ಹಂಚಿದರು, ನಾನು ಸೇರಿಕೊಂಡ ಕೂಡಲೇ ನನ್ನ ಖಾತೆಯೂ ಮುಕ್ಕಾಲು ತುಂಬಿತು. ಅಲ್ಲಿ ಹಂಚಿದ ಫೋಲ್ಡರ್ ಸೇರಿಕೊಂಡ ಪ್ರತಿಯೊಬ್ಬರ ಲೆಕ್ಕಕ್ಕೂ ಬೀಳುತ್ತದೆ. ಲಿಂಕ್ ತೆರೆದು ನೋಡಿದರೆ ಮಾತ್ರ ಬೀಳುವುದಿಲ್ಲ. ಹೀಗಾಗಿ ಅದನ್ನು ಕೈಬಿಟ್ಟೆ.

ಈಗ ಶೀಟ್ ಕಟ್ಟುವುದು ಡಿ ಡ್ರೈವ್‌ನಲ್ಲಿ. ದಿನದ ಕೊನೆಗೆ ಆ ದಿನ ಬದಲಾದ ಶೀಟುಗಳಷ್ಟೇ ಒಮ್ಮೆ ಮೇಲೇರುತ್ತವೆ. ಅದನ್ನು ತಾನಾಗಿಯೇ ಆಗುವಂತೆ ಹೇಗೆ ಮಾಡಿಕೊಂಡಿದ್ದೇನೆ ಎಂಬುದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ, ಅದು ಅಂಗಡಿಯ ಗುಟ್ಟು. ಗ್ರಾಹಕರಿಗೆ ತೋರಿಸಲು ಜೆಪಿಜಿ ಸಾಕು, ಶೀಟಿಗೆ ಮೂವತ್ತು ನಲವತ್ತು ಎಂಬಿ. ಬ್ರೌಸರಿನಲ್ಲಿ ಅದೇ ಹೆಸರಿನ ಕಡತ ಏರಿಸುವಾಗ ಹಳೆಯದನ್ನು ಬದಲಿಸಿ ಎಂದು ಒಪ್ಪಿದರೆ ಅದೂ ಒಂದು ಆವೃತ್ತಿಯೇ ಆಗುತ್ತದೆ, ಗಮನವಿರಲಿ. ಈ ಸುಗ್ಗಿಯಲ್ಲಿ ಹನ್ನೊಂದು ಆಲ್ಬಂ ಮಾಡಿದೆ. ಅಂಕಿ ಅರವತ್ತನ್ನು ದಾಟಲಿಲ್ಲ. ಎರಡು ಟಿಬಿ ಎಂದವರಲ್ಲಿ ಇಬ್ಬರು ಮೊನ್ನೆ ಲ್ಯಾಪ್‌ಟಾಪ್ ಹಿಡಿದು ಅಂಗಡಿಗೇ ಬಂದಿದ್ದರು.

ಅವರಲ್ಲೊಬ್ಬರ ಕಡತಗಳಲ್ಲಿ ಮೂವತ್ತು ದಿನ ಕಳೆದರೂ ಆವೃತ್ತಿಗಳು ಹೋಗಿರಲಿಲ್ಲ. ತೆರೆದು ನೋಡಿದರೆ ಸಾಲುಸಾಲಾಗಿ `Keep forever` ಒತ್ತಿಟ್ಟಿದ್ದರು. ಹಾಗೆ ಗುರುತು ಹಾಕಿದ್ದು ನಾವೇ ತೆಗೆಯುವವರೆಗೂ ಲೆಕ್ಕದಲ್ಲಿರುತ್ತದೆ. ಆ ಸಂಜೆ ಕುಳಿತು ಎಲ್ಲವನ್ನೂ ತೆಗೆಸಿ ಕಳಿಸಿದೆ.