ಚೀಟಿ, ಚಿಕ್ಕಿ ಮತ್ತು ದಾಳ: ಹಣದ ಪಾಠವನ್ನು ನಾನು ಕಲಿಸಿದ ಬಗೆ

ಪದವಿ ಮೊದಲ ವರ್ಷದ ವಿದ್ಯಾರ್ಥಿಗಳಿಗೆ ಹಣದ ಕಾರ್ಯಗಳನ್ನು ಕಲಿಸುವಾಗ ಬಹಳ ಕಾಲ ನಾನು ಕಪ್ಪುಹಲಗೆಯ ಮೇಲೆ ಮೂರು ಸಾಲು ಬರೆಯುತ್ತಿದ್ದೆ: ವಿನಿಮಯ ಮಾಧ್ಯಮ, ಮೌಲ್ಯದ ಅಳತೆಗೋಲು, ಮೌಲ್ಯ ಸಂಗ್ರಹ. ಪರೀಕ್ಷೆಯಲ್ಲಿ ಎಲ್ಲರೂ ಅದನ್ನೇ ಬರೆಯುತ್ತಿದ್ದರು. ಆದರೆ 500 ರೂಪಾಯಿಯ ನೋಟನ್ನು ಎತ್ತಿ ಹಿಡಿದು "ಈ ಕಾಗದಕ್ಕೆ ಬೆಲೆ ಎಲ್ಲಿಂದ ಬಂತು?" ಎಂದು ಕೇಳಿದರೆ, "ರಿಸರ್ವ್ ಬ್ಯಾಂಕಿನಲ್ಲಿ ಅಷ್ಟು ಚಿನ್ನ ಇಟ್ಟಿರುತ್ತಾರೆ" ಎಂಬ ಉತ್ತರ ಬರುತ್ತಿತ್ತು. ಅದು ತಪ್ಪು. ನೋಟನ್ನು ಒಯ್ದು ಕೊಟ್ಟರೆ ಯಾರೂ ಅದಕ್ಕೆ ಚಿನ್ನ ಕೊಡುವುದಿಲ್ಲ. ಬಾಯಲ್ಲಿ ಹೇಳಿ ಈ ತಪ್ಪನ್ನು ತಿದ್ದಲಾಗದೆ ನಾನು ಒಂದು ಆಟ ಕಟ್ಟಿದೆ. ಅದು ಸರಿಯಾಗಲು ಮೂರು ಪ್ರಯತ್ನ ಬೇಕಾಯಿತು.

ಆಟಕ್ಕೆ ಬೇಕಾದದ್ದು ಶೇಂಗಾ ಚಿಕ್ಕಿ, ನೆಲ್ಲಿಕಾಯಿ, ಬಿಸ್ಕತ್ತು, ನಿಂಬೆ ಪೆಪ್ಪರಮಿಂಟು. ತರಗತಿಯನ್ನು ನಾಲ್ಕು ಗುಂಪು ಮಾಡಿದೆ. ಚಿಕ್ಕಿ ಇರುವವರಿಗೆ ನೆಲ್ಲಿಕಾಯಿ ಬೇಕು, ನೆಲ್ಲಿಕಾಯಿ ಇರುವವರಿಗೆ ಬಿಸ್ಕತ್ತು, ಬಿಸ್ಕತ್ತು ಇರುವವರಿಗೆ ಪೆಪ್ಪರಮಿಂಟು, ಪೆಪ್ಪರಮಿಂಟು ಇರುವವರಿಗೆ ಚಿಕ್ಕಿ. ಯಾವ ಇಬ್ಬರನ್ನು ಎದುರುಬದುರು ನಿಲ್ಲಿಸಿದರೂ ನೇರ ಸಾಟಿ ವ್ಯವಹಾರ ಕುದುರುವುದಿಲ್ಲ. ಬೇಕಾದ ವಸ್ತುವನ್ನು ಪಡೆದವರಿಗೆ ಎರಡು ಅಂಕ, ತಮ್ಮ ವಸ್ತುವನ್ನು ತಾವೇ ಇಟ್ಟುಕೊಂಡವರಿಗೆ ಒಂದೇ ಅಂಕ. ಪ್ರತಿ ಸುತ್ತಿಗೂ ಎಲ್ಲರಿಗೂ ಅವರವರ ವಸ್ತು ಹೊಸದಾಗಿ ಸಿಗುತ್ತದೆ. ಕೆಲವರ ಕೈಗೆ ನಾನು ಸಹಿ ಮಾಡಿದ ಹಳದಿ ಚೀಟಿ ಕೊಟ್ಟೆ.

ಮೊದಲ ವರ್ಷ, ಕೊನೆಯಲ್ಲಿ ಒಂದು ಚೀಟಿಗೆ ಒಂದು ಚಿಕ್ಕಿ ಕೊಡುತ್ತೇನೆ ಎಂದು ಮಾತು ಕೊಟ್ಟಿದ್ದೆ. ವ್ಯಾಪಾರ ಭರದಿಂದ ನಡೆಯಿತು. ನಾನು ಸಂತೋಷದಲ್ಲಿದ್ದಾಗ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು, "ಸರ್, ಇದು ಹಣವಲ್ಲ, ಚಿಕ್ಕಿಯ ರಸೀದಿ" ಎಂದಳು. ಅವಳು ಹೇಳಿದ್ದೇ ಸರಿ. ಚಿನ್ನಕ್ಕೆ ಬದಲಾಗುವ ಹಳೆಯ ಕಾಲದ ನೋಟನ್ನು ನಾನು ಮಾಡಿಟ್ಟಿದ್ದೆ. ವಿವರಿಸಬೇಕಿದ್ದ ಇಂದಿನ ನೋಟು ಅದಲ್ಲ.

ಮರುವರ್ಷ ಚಿಕ್ಕಿಯ ಭರವಸೆಯನ್ನು ತೆಗೆದುಹಾಕಿದೆ. ಐದು ಸುತ್ತು, ಆಮೇಲೆ ಚೀಟಿಗಳನ್ನೆಲ್ಲ ಹರಿದುಹಾಕುತ್ತೇನೆ ಎಂದೆ. ಮೊದಲೆರಡು ಸುತ್ತು ನಡೆದವು, ನಾಲ್ಕನೆಯದರಲ್ಲಿ ಯಾರೂ ಚೀಟಿ ಮುಟ್ಟಲಿಲ್ಲ. ಅದೇ ಆಟವನ್ನು ಮರುದಿನ ಆಡಿಸಿದಾಗ ಮೊದಲ ಸುತ್ತಿನಲ್ಲೇ ಎಲ್ಲ ನಿಂತುಹೋಯಿತು. ಅವರ ತರ್ಕವನ್ನು ಅವರ ಬಾಯಿಂದಲೇ ಹಲಗೆಯ ಮೇಲೆ ಬರೆಸಿದೆ. ಐದನೆಯ ಸುತ್ತಿನಲ್ಲಿ ಚೀಟಿಗೆ ಯಾರೂ ವಸ್ತು ಕೊಡುವುದಿಲ್ಲ, ಏಕೆಂದರೆ ಮುಂದೆ ಅದನ್ನು ದಾಟಿಸಲು ಸುತ್ತೇ ಇಲ್ಲ. ಐದರಲ್ಲಿ ದಾಟದ ಚೀಟಿಯನ್ನು ನಾಲ್ಕರಲ್ಲಿ ತೆಗೆದುಕೊಳ್ಳುವುದೇಕೆ? ನಾಲ್ಕರಲ್ಲಿ ಇಲ್ಲವೆಂದಾದರೆ ಮೂರರಲ್ಲೇಕೆ? ಹೀಗೆ ಹೆಣಿಗೆ ತುದಿಯಿಂದ ಬಿಚ್ಚುತ್ತಾ ಮೊದಲಿಗೆ ಬಂದುಬಿಡುತ್ತದೆ. ಒಳಗೆ ಬೆಲೆಯಿಲ್ಲದ ಕಾಗದಕ್ಕೆ ಕೊನೆಯ ದಿನ ಖಚಿತವಾಗಿ ಗೊತ್ತಾದರೆ, ಅದು ಇಂದೇ ಸಾಯುತ್ತದೆ.

ಮೂರನೆಯ ಸಲ ದಾಳ ತಂದೆ. ಪ್ರತಿ ಸುತ್ತಿನ ನಂತರ ದಾಳ ಉರುಳಿಸುವುದು, ಆರು ಬಿದ್ದರೆ ಆಟ ಮುಗಿಯಿತು. ಈ ಸಲ ಚೀಟಿಗಳು ಕೈಯಿಂದ ಕೈಗೆ ಓಡಾಡಿದವು. ಲೆಕ್ಕ ಸರಳವಾಗಿದೆ. ನನ್ನ ಪೆಪ್ಪರಮಿಂಟನ್ನು ಇಟ್ಟುಕೊಂಡರೆ ಒಂದು ಅಂಕ. ಚೀಟಿಗೆ ಕೊಟ್ಟರೆ, ಆರರಲ್ಲಿ ಐದು ಪಾಲು ಸಾಧ್ಯತೆಯಲ್ಲಿ ಮುಂದಿನ ಸುತ್ತು ಬರುತ್ತದೆ, ಆಗ ಎರಡು ಅಂಕದ ಚಿಕ್ಕಿ ಸಿಗುತ್ತದೆ, ಅಂದರೆ ಸರಾಸರಿ 1.67. ಕೊಡುವುದೇ ಲಾಭ, ಆದರೆ ಮುಂದಿನವರೂ ಚೀಟಿ ಸ್ವೀಕರಿಸುತ್ತಾರೆ ಎಂಬ ನಂಬಿಕೆ ಇದ್ದರೆ ಮಾತ್ರ. ಆಮೇಲೆ ನಿಯಮ ಬದಲಿಸಿ, ನಾಲ್ಕು, ಐದು, ಆರು ಯಾವುದು ಬಿದ್ದರೂ ಆಟ ಮುಗಿಯುತ್ತದೆ ಎಂದೆ. ಆಗ ಸರಾಸರಿ ಸರಿಯಾಗಿ ಒಂದಕ್ಕೆ ಇಳಿಯುತ್ತದೆ. ಅರ್ಧ ತರಗತಿ ಕೈ ಕಟ್ಟಿ ಕುಳಿತಿತು, ಅವರನ್ನು ನೋಡಿ ಉಳಿದರ್ಧವೂ ಹಿಂದೆ ಸರಿಯಿತು. ನಾನು ಆಟವನ್ನು ಕಟ್ಟಿದ್ದೇ ಆ ಕ್ಷಣವನ್ನು ತೋರಿಸಲು. ನೋಟನ್ನು ನಾನು ಸ್ವೀಕರಿಸುವುದು ನೀವು ಸ್ವೀಕರಿಸುತ್ತೀರಿ ಎಂದು, ನೀವು ಸ್ವೀಕರಿಸುವುದು ಮೂರನೆಯವರು ಸ್ವೀಕರಿಸುತ್ತಾರೆ ಎಂದು.

ಇದಾದ ಮೇಲೆಯೇ ನಾನು 2016ರ ನವೆಂಬರ್ 8ರ ರಾತ್ರಿಯ ಮಾತು ಎತ್ತುತ್ತೇನೆ. ಅಂದು 500 ಮತ್ತು 1000 ರೂಪಾಯಿಯ ನೋಟುಗಳು ರದ್ದಾದವು. ಚಲಾವಣೆಯಲ್ಲಿದ್ದ ನೋಟುಗಳ ಮೌಲ್ಯದಲ್ಲಿ ಅವುಗಳ ಪಾಲು ಸುಮಾರು 86 ಶೇಕಡಾ. ನಮ್ಮ ಬೀದಿಯ ಕಿರಾಣಿ ಅಂಗಡಿಯವರು ಮರುದಿನ ಹಳೆಯ ನೋಟು ಮುಟ್ಟಲಿಲ್ಲ, ಆದರೆ ಉದ್ದರಿ ಪುಸ್ತಕ ತೆಗೆದು ಅಕ್ಕಿ, ಬೇಳೆ, ಎಣ್ಣೆಯ ಲೆಕ್ಕವನ್ನು ರೂಪಾಯಿಯಲ್ಲೇ ಬರೆದುಕೊಂಡರು. ವಿನಿಮಯ ಮಾಧ್ಯಮ ಕೈಕೊಟ್ಟಿತ್ತು, ಮೌಲ್ಯದ ಅಳತೆಗೋಲು ಅಲುಗಾಡಿರಲಿಲ್ಲ. ಹಣದ ಕಾರ್ಯಗಳು ಒಂದರಿಂದೊಂದು ಬೇರ್ಪಡಬಲ್ಲವು ಎಂಬುದನ್ನು ನಾನು ಕಣ್ಣಾರೆ ಕಂಡದ್ದು ಆ ಪುಸ್ತಕದಲ್ಲಿ.

ಹಾಗಾದರೆ ಹಳೆಯ ನೋಟು ಆ ರಾತ್ರಿಯೇ ಪೂರ್ತಿ ಸಾಯಲಿಲ್ಲವೇಕೆ? ಡಿಸೆಂಬರ್ 30ರವರೆಗೆ ಬ್ಯಾಂಕಿನಲ್ಲಿ ಅದನ್ನು ಜಮಾ ಮಾಡಬಹುದಿತ್ತು. ಪೆಟ್ರೋಲ್ ಬಂಕಿನಲ್ಲಿ, ಸರ್ಕಾರಿ ಆಸ್ಪತ್ರೆಯಲ್ಲಿ, ಸ್ಥಳೀಯ ಸಂಸ್ಥೆಗಳ ತೆರಿಗೆ ಕಟ್ಟಲು ಕೆಲವು ದಿನ ಅದು ನಡೆಯುತ್ತಿತ್ತು. ಕೊನೆಗೆ ತೆಗೆದುಕೊಳ್ಳುವವರೊಬ್ಬರು ಇದ್ದರು. ಹಾಗಾಗಿ ಅದು ನನ್ನ ಮೊದಲ ವರ್ಷದ ಚೀಟಿಯ ಹಾಗೆ ಬ್ಯಾಂಕ್ ಖಾತೆಯ ರಸೀದಿಯಾಗಿ ಬದುಕಿತ್ತು. ಸಾಲಿನಲ್ಲಿ ನಿಲ್ಲುವ ಕಷ್ಟವನ್ನು ಮುರಿದುಕೊಂಡು, 500ರ ನೋಟನ್ನು ಅದಕ್ಕಿಂತ ಕಡಿಮೆ ಮೊತ್ತಕ್ಕೆ ತೆಗೆದುಕೊಳ್ಳುವವರೂ ಹುಟ್ಟಿಕೊಂಡರು.

ಇಷ್ಟಾದಾಗ ವಿದ್ಯಾರ್ಥಿಗಳು ಹೇಳುತ್ತಾರೆ: "ಹಾಗಾದರೆ ಎಲ್ಲವೂ ಸರ್ಕಾರದ ಆಜ್ಞೆಯಿಂದಲೇ ಆಗುವುದು." ಅದಕ್ಕೆ ಇರಾಕಿನ ಉದಾಹರಣೆ ಕೊಡುತ್ತೇನೆ. 1991ರ ಕೊಲ್ಲಿ ಯುದ್ಧದ ನಂತರ ಉತ್ತರದ ಕುರ್ದ್ ಪ್ರದೇಶ ಬಾಗ್ದಾದಿನ ಹಿಡಿತದಿಂದ ತಪ್ಪಿತು. 1993ರಲ್ಲಿ ಸದ್ದಾಂ ಸರ್ಕಾರ ಹಳೆಯ 25 ದಿನಾರ್ ನೋಟುಗಳನ್ನು ರದ್ದುಮಾಡಿತು. ಜನರು "ಸ್ವಿಸ್ ದಿನಾರ್" ಎಂದು ಕರೆಯುತ್ತಿದ್ದ ಆ ನೋಟುಗಳು ಉತ್ತರದಲ್ಲಿ ಚಲಾವಣೆಯಲ್ಲೇ ಉಳಿದವು. ಅವುಗಳ ಹಿಂದೆ ಚಿನ್ನವಿರಲಿಲ್ಲ, ಹೊಣೆ ಹೊತ್ತ ಕೇಂದ್ರ ಬ್ಯಾಂಕೂ ಇರಲಿಲ್ಲ. ಇದ್ದದ್ದು ಎರಡೇ: ನೆರೆಯವರು ತೆಗೆದುಕೊಳ್ಳುತ್ತಾರೆ ಎಂಬ ಭರವಸೆ, ಮತ್ತು ಹೊಸದಾಗಿ ಯಾರೂ ಮುದ್ರಿಸುತ್ತಿಲ್ಲ ಎಂಬ ಸ್ಥಿತಿ. ಅತ್ತ ಬಾಗ್ದಾದಿನಲ್ಲಿ ಕಾನೂನಿನ ಬೆಂಬಲವಿದ್ದ ಸದ್ದಾಂ ಚಿತ್ರದ ನೋಟುಗಳು ಯದ್ವಾತದ್ವಾ ಅಚ್ಚಾಗಿ ಬೆಲೆ ಕಳೆದುಕೊಂಡವು. 2003ರ ಕೊನೆಯಲ್ಲಿ ಹೊಸ ನೋಟು ಬಂದಾಗ ಸದ್ದಾಂ ದಿನಾರಿಗೆ ಒಂದು ಹೊಸ ದಿನಾರ್ ಸಿಕ್ಕರೆ, ರದ್ದಾಗಿದ್ದ ಸ್ವಿಸ್ ದಿನಾರಿಗೆ 150 ಸಿಕ್ಕವು.

ಅಚ್ಚಿನ ಈ ಅಂಶವನ್ನೂ ಆಟದಲ್ಲಿ ತೋರಿಸಬಹುದು. ನಡುವೆ ಒಂದು ಸುತ್ತಿನಲ್ಲಿ ಮಾತನಾಡದೆ ಇನ್ನಷ್ಟು ಹಳದಿ ಚೀಟಿ ಹಂಚಿದೆ. ಎರಡು ಸುತ್ತಿನೊಳಗೆ ನೆಲ್ಲಿಕಾಯಿಯವರು ಒಂದಕ್ಕೆ ಎರಡು ಚೀಟಿ ಕೇಳತೊಡಗಿದರು.

ಆಟದಲ್ಲಿ ಇನ್ನೂ ಒಂದು ಕೊರತೆ ಉಳಿದಿದೆ: ನಮ್ಮ ಚೀಟಿಯನ್ನು ತೆರಿಗೆಯಾಗಿ ಪಡೆಯುವವರಿಲ್ಲ. ಈ ವರ್ಷ ಒಂದು ನಿಯಮ ಸೇರಿಸುತ್ತಿದ್ದೇನೆ. ಪ್ರತಿ ಸುತ್ತಿನ ಕೊನೆಗೆ ಚೀಟಿಯಲ್ಲಿ ಸರದಿಯಂತೆ ಕೆಲವರು ನನಗೆ ಕಂದಾಯ ಕಟ್ಟಬೇಕು, ಕಟ್ಟದವರ ಒಂದು ಅಂಕ ಕಳೆಯುತ್ತದೆ. ನಾಲ್ಕು, ಐದು, ಆರು ಬಿದ್ದರೆ ಮುಗಿಯುವ ಅದೇ ದಾಳದಲ್ಲಿ ಆಡಿಸಿ, ಹಿಂದೆ ಸರಿದಿದ್ದ ಆ ಅರ್ಧ ತರಗತಿ ಈಗ ಚೀಟಿ ತೆಗೆದುಕೊಳ್ಳುತ್ತದೆಯೇ ಎಂದು ನೋಡಬೇಕು.