ಅಜ್ಜಿಯ ಹೊಲಿಗೆ ಯಂತ್ರದ ಕತೆಯಿಂದ 21 ಮಂದಿ ತರಗತಿಗೆ ಸೇರಿದ ಬಗೆ: ನನ್ನ ಅನುಭವ

ಕಳೆದ ಜೂನ್ ತಿಂಗಳಲ್ಲಿ ದಾವಣಗೆರೆಯ ನಮ್ಮ ಹೊಲಿಗೆ ತರಬೇತಿ ಕೇಂದ್ರಕ್ಕೆ ಕತೆಯ ರೂಪದ ಒಂದೇ ಜಾಹೀರಾತಿನಿಂದ 21 ಮಂದಿ ಸೇರಿದರು. ಇದೇ ವೃತ್ತಿಯಲ್ಲಿರುವ ಗೆಳತಿಯರು ಅದಕ್ಕೂ ಮೊದಲು ನನಗೆ ಹೇಳಿದ್ದು ಒಂದೇ ಮಾತು: ಕತೆ ಓದಿ ಕಣ್ಣೊರೆಸಿಕೊಳ್ಳುವವರು ಸಿಗುತ್ತಾರೆ, ಫೀಸು ಕಟ್ಟುವವರು ಸಿಗುವುದಿಲ್ಲ. ಎರಡು ಸಲ ಅವರ ಮಾತೇ ನಿಜವಾಯಿತು. ಮೂರನೆಯ ಸಲ ಆಗಲಿಲ್ಲ. ಏಕೆ ಆಗಲಿಲ್ಲ ಎಂಬುದನ್ನು ಬರೆದಿಡಬೇಕೆನಿಸಿತು.

ಮೊದಲು ಎಲ್ಲರೂ ಮಾಡುವುದನ್ನೇ ನಾನೂ ಮಾಡಿದ್ದೆ. ಹತ್ತು ಸಾವಿರ ಕರಪತ್ರ ಮುದ್ರಿಸಿ ದಿನಪತ್ರಿಕೆಯೊಳಗೆ ಇರಿಸಿ ಹಂಚಿಸಿದೆ. ಮೂರು ತಿಂಗಳ ಕೋರ್ಸು, ಕಟೋರಿ, ಪ್ರಿನ್ಸೆಸ್ ಕಟ್, ಚೂಡಿದಾರ, ಮೊದಲು ಬಂದವರಿಗೆ ರಿಯಾಯಿತಿ ಎಂದೆಲ್ಲ ಅದರಲ್ಲಿತ್ತು. ಮುದ್ರಣಕ್ಕೂ ಹಂಚಿಕೆಗೂ ಸೇರಿ ಹದಿನೈದು ಸಾವಿರದಷ್ಟು ಖರ್ಚಾಯಿತು. ಹನ್ನೊಂದು ಕರೆ ಬಂದವು, ಇಬ್ಬರು ಸೇರಿದರು. ಕರೆ ಮಾಡಿದವರೆಲ್ಲ ಮೊದಲು ಕೇಳಿದ್ದು ಫೀಸನ್ನೇ, ಏಕೆಂದರೆ ನನ್ನ ಕರಪತ್ರ ಅವರಿಗೆ ಬೇರೆ ಏನನ್ನೂ ಕೇಳಲು ಬಿಟ್ಟಿರಲಿಲ್ಲ.

ಆಮೇಲೆ ಫೇಸ್‌ಬುಕ್ಕಿನಲ್ಲಿ ಅಜ್ಜಿಯ ಯಂತ್ರದ ಕತೆ ಬರೆದೆ. ಅಜ್ಜಿ ತೀರಿಕೊಂಡ ದಿನದಿಂದ ಕತೆ ಶುರುವಾಗುತ್ತಿತ್ತು. ಅಟ್ಟದ ಮೇಲಿನ ಯಂತ್ರ, ಅದರ ಮೇಲಿನ ಧೂಳು, ನೆನಪು, ಕೊನೆಗೆ ನಮ್ಮ ಕೇಂದ್ರದ ಹೆಸರು. ಅದನ್ನು ಜಾಹೀರಾತಾಗಿ ಓಡಿಸಲು ನಾಲ್ಕು ಸಾವಿರ ರೂಪಾಯಿ, ಅದರ ಮೇಲೆ ಜಿಎಸ್‌ಟಿ ಖರ್ಚು ಮಾಡಿದ್ದೆ. ನಾನೂರರ ಆಸುಪಾಸು ಜನ ಅದನ್ನು ಹಂಚಿಕೊಂಡರು, ಕೈಮುಗಿದ ಚಿಹ್ನೆಗಳ ಸಾಲೇ ಬಂತು, ಒಬ್ಬರೂ ಸೇರಲಿಲ್ಲ. ಓದಿದವರಿಗೆ ಅವರವರ ಅಜ್ಜಿ ನೆನಪಾದರು, ಹೊಲಿಗೆ ನೆನಪಾಗಲಿಲ್ಲ. ಜೊತೆಗೆ ಇನ್ನೊಂದು ತಪ್ಪೂ ಆಗಿತ್ತು. ಅಂತರ್ಜಾಲದಲ್ಲಿ ಸಿಕ್ಕ ಥಳಥಳ ಹೊಳೆಯುವ ಯಂತ್ರದ ಚಿತ್ರ ಹಾಕಿದ್ದೆ. ಅದು ಕೈಯಿಂದ ತಿರುಗಿಸುವ ಯಂತ್ರ, ಕತೆಯಲ್ಲಿದ್ದದ್ದು ಕಾಲಿನಿಂದ ತುಳಿಯುವ ಯಂತ್ರ. ಹೊಲಿಗೆ ಬಲ್ಲ ಮೂರ್ನಾಲ್ಕು ಜನ ಅದನ್ನು ಕಾಮೆಂಟಿನಲ್ಲೇ ಎತ್ತಿ ತೋರಿಸಿದರು. ಹೊಲಿಗೆ ಕಲಿಸುವವಳು ಯಂತ್ರವನ್ನೇ ತಪ್ಪು ತೋರಿಸಿದರೆ ಯಾರು ನಂಬಿಯಾರು?

ಎರಡನೆಯ ಸಲ ಸಾವನ್ನು ತೆಗೆದು, ಕಷ್ಟಪಟ್ಟು ಹೊಲಿದು ಮಕ್ಕಳನ್ನು ಓದಿಸಿದ ಅಜ್ಜಿಯನ್ನು ತಂದೆ. ಮೆಚ್ಚುಗೆ ಬಂತು, ವಿಚಾರಣೆ ಐದಾರು ಬಂದವು. ಅಜ್ಜಿ ಅಷ್ಟು ಎತ್ತರದಲ್ಲಿ ನಿಂತರೆ ಓದುಗರು ಕೆಳಗೇ ಕುಳಿತು ನೋಡುತ್ತಾರೆ.

ದಾರಿ ತೋರಿಸಿದ್ದು ನಮ್ಮ ತರಗತಿಯೇ. ಹೊಸದಾಗಿ ಬಂದವರಲ್ಲಿ ಹೆಚ್ಚಿನವರು ಮೊದಲ ದಿನ ಪೆಡಲ್ ತುಳಿದಾಗ ಚಕ್ರ ಹಿಂದಕ್ಕೆ ತಿರುಗುತ್ತದೆ, ದಾರ ಸಿಕ್ಕಿಕೊಂಡು ತುಂಡಾಗುತ್ತದೆ. ಚಕ್ರ ನಮ್ಮ ಕಡೆಗೆ ತಿರುಗಬೇಕು, ಅದಕ್ಕೆ ಮೊದಲು ಕೈಯಿಂದ ತುಸು ತಿರುಗಿಸಿಕೊಂಡು ಆಮೇಲೆ ಕಾಲು ಕೊಡಬೇಕು ಎಂಬುದು ಹೊಲಿಗೆ ಕಲಿಸುವ ನಿಮಗೆಲ್ಲ ಗೊತ್ತು. ಆದರೆ ಮನೆಯಲ್ಲಿ ಹಳೆಯ ಯಂತ್ರವಿದ್ದು, ಒಂದು ಮಧ್ಯಾಹ್ನ ಧೈರ್ಯ ಮಾಡಿ ಕೂತು, ಎರಡು ಸಲ ದಾರ ತುಂಡಾಗಿ, ಮುಸುಕು ಹೊದಿಸಿ ಎದ್ದು ಹೋದ ಹೆಂಗಸರು ಎಷ್ಟು ಮಂದಿ ಇರಬಹುದು ಎಂದು ನನಗೆ ಆಗ ಹೊಳೆಯಿತು. ನಮ್ಮ ಗಿರಾಕಿ ಅವರೇ. ಯಂತ್ರ ಕೊಳ್ಳುವ ಖರ್ಚೂ ಅವರಿಗಿಲ್ಲ.

ಮೂರನೆಯ ಜಾಹೀರಾತನ್ನು ಹೀಗೆ ಬರೆದೆ:

“ಪೆಡಲ್ ತುಳಿದೆ. ಚಕ್ರ ಹಿಂದಕ್ಕೆ ತಿರುಗಿತು, ದಾರ ತುಂಡಾಯಿತು. ಮತ್ತೆ ಪೋಣಿಸಿದೆ, ಮತ್ತೆ ತುಂಡಾಯಿತು. ಇದೇ ಯಂತ್ರದ ಮುಂದೆ ಕೂತು ನಮ್ಮಜ್ಜಿ ಪಕ್ಕದ ಮನೆಯವರ ಜೊತೆ ಮಾತಾಡುತ್ತಲೇ ನನ್ನ ಲಂಗಕ್ಕೆ ಅಂಚು ಹೊಲಿದು ಮುಗಿಸುತ್ತಿದ್ದರು. ಡ್ರಾಯರಿನಲ್ಲಿ ಅವರ ಬಾಬಿನ್ ಇನ್ನೂ ಇದೆ, ಅದರಲ್ಲಿ ಅರ್ಧ ಸುತ್ತಿದ ಹಸಿರು ದಾರವೂ ಇದೆ. ಬಾಗಿಲಲ್ಲಿ ನಿಂತಿದ್ದ ಮಗಳು ಕೇಳಿದಳು, ‘ಅಮ್ಮಾ, ಮುತ್ತಜ್ಜಿಗೆ ಬರ್ತಿತ್ತಂತೆ, ನಿಂಗ್ಯಾಕೆ ಬರಲ್ಲ?’ ನಿಮ್ಮ ಮನೆಯಲ್ಲೂ ಇಂಥ ಯಂತ್ರವಿದೆಯೇ? ಅದರ ಫೋಟೊ ವಾಟ್ಸ್ಯಾಪ್ ಮಾಡಿ. ಶನಿವಾರ ಬನ್ನಿ, ದಾರ ತುಂಡಾಗದಂತೆ ತುಳಿಯುವುದನ್ನು ಒಂದು ಗಂಟೆಯಲ್ಲಿ ಹೇಳಿಕೊಡುತ್ತೇವೆ. ಫೀಸಿಲ್ಲ.”

ಇದರಲ್ಲಿ ನಾನು ಹೆಚ್ಚು ಯೋಚಿಸಿದ್ದು ಎರಡು ಕಡೆ. ಫೋನಿನ ಪರದೆಯಲ್ಲಿ ಮೊದಲ ಎರಡು ಮೂರು ಸಾಲು ಮಾತ್ರ ಕಾಣಿಸಿ ಉಳಿದದ್ದು ಮಡಚಿಕೊಳ್ಳುತ್ತದೆ. ಹಾಗಾಗಿ ದಾರ ಅಷ್ಟರಲ್ಲೇ ತುಂಡಾಗಬೇಕಿತ್ತು. ಮೊದಲ ಕರಡಿನಲ್ಲಿ ಬೇಸಿಗೆ ರಜೆ, ಹಳೆಯ ಮನೆ ಎಂದು ನಾಲ್ಕು ಸಾಲು ಕಳೆದ ಮೇಲೆ ಯಂತ್ರ ಬರುತ್ತಿತ್ತು, ಅದನ್ನೆಲ್ಲ ಅಳಿಸಿದೆ. ಇನ್ನೊಂದು ಕಡೆ ಕೊನೆಯ ಸಾಲುಗಳು. ‘ಇಂದೇ ಸೇರಿ’ ಎಂದರೆ ಕತೆಯಲ್ಲಿದ್ದವಳು ಥಟ್ಟನೆ ಅಂಗಡಿಯವಳಾಗುತ್ತಾಳೆ. ಫೋಟೊ ಕಳಿಸುವುದಕ್ಕೆ ಯಾರನ್ನೂ ಕೇಳಬೇಕಾಗಿಲ್ಲ, ದುಡ್ಡೂ ಬೇಕಿಲ್ಲ, ಮೂಲೆಗೆ ಹೋಗಿ ಮುಸುಕು ತೆಗೆದರೆ ಸಾಕು. ಮುಸುಕು ತೆಗೆದವರ ಅರ್ಧ ಹಿಂಜರಿಕೆ ಅಲ್ಲಿಯೇ ಹೋಗಿರುತ್ತದೆ.

ಚಿತ್ರಕ್ಕೆ ನಮ್ಮ ಮನೆಯ ಯಂತ್ರವನ್ನೇ ಕಿಟಕಿಯ ಬೆಳಕಿಗೆ ಎಳೆದು ಫೋನಿನಲ್ಲಿ ತೆಗೆದೆ. ಬಟ್ಟೆ ಜಾರಿ ಜಾರಿ ಬಂಗಾರದ ಅಕ್ಷರಗಳು ಅರ್ಧ ಅಳಿಸಿವೆ, ಅಜ್ಜಿಯ ಮೊಣಕೈ ಊರುತ್ತಿದ್ದ ಕಡೆ ಹಲಗೆಯ ಬಣ್ಣ ಹೋಗಿದೆ. ಡ್ರಾಯರನ್ನು ತೆರೆದೇ ಇಟ್ಟೆ. ಹಸಿರು ದಾರದ ಬಾಬಿನ್, ಒಂದಕ್ಕೊಂದು ಸಿಕ್ಕಿಕೊಂಡ ಹುಕ್ಕುಗಳು, ಸವೆದ ಸೀಮೆಸುಣ್ಣದ ಚೂರು ಅದರಲ್ಲಿ ಕಾಣುತ್ತಿದ್ದವು. ಕಾಮೆಂಟುಗಳಲ್ಲಿ ಜನ ಹೆಚ್ಚು ಬರೆದದ್ದು ಆ ಡ್ರಾಯರಿನ ಬಗ್ಗೆಯೇ.

ಹತ್ತು ದಿನಕ್ಕೆ ಜಿಎಸ್‌ಟಿ ಸೇರಿ ಆರು ಸಾವಿರದಷ್ಟು ಹಾಕಿದೆ. ದಾವಣಗೆರೆ, ಹರಿಹರದ ಸುತ್ತ ಮಾತ್ರ, 28ರಿಂದ 50 ವಯಸ್ಸಿನ ಹೆಂಗಸರಿಗೆ ಕಾಣುವಂತೆ ಇಟ್ಟಿದ್ದೆ. ತೊಂಬತ್ತು ಚಿಲ್ಲರೆ ಫೋಟೊಗಳು ಬಂದವು. ಅವುಗಳಲ್ಲಿ ಮೂರನೆಯ ಒಂದು ಪಾಲು ಯಂತ್ರ ಮಾರಲೋ ರಿಪೇರಿಗೋ ಕೇಳಿದವರದು. ಎರಡು ಶನಿವಾರಗಳಲ್ಲಿ ಸುಮಾರು 38 ಮಂದಿ ಬಂದರು, 21 ಮಂದಿ ಸೇರಿದರು. ಫೀಸು 6,500. ಕೆಲವರು ಕಂತಿನಲ್ಲಿ ಕಟ್ಟಿದರೂ ತಿಂಗಳೊಳಗೆ ಲಕ್ಷ ದಾಟಿತು. ಶನಿವಾರ ಬಂದವರನ್ನು ಯಂತ್ರದ ಮುಂದೆ ಕೂರಿಸುವ ಮೊದಲು ನಾನೊಂದು ಪ್ರಶ್ನೆ ಕೇಳುತ್ತೇನೆ. ಸೇರುವವರು ಯಾರೆಂದು ಅದರಲ್ಲಿಯೇ ತಿಳಿಯುತ್ತದೆ. ನಮ್ಮ ಊರಿನಲ್ಲಿ ಇನ್ನೂ ನಾಲ್ಕು ಕೇಂದ್ರಗಳಿರುವುದರಿಂದ ಆ ಪ್ರಶ್ನೆ ನನ್ನಲ್ಲಿಯೇ ಇರಲಿ.

ಫೋಟೊ ಬಂದ ಕೂಡಲೇ ಉತ್ತರಿಸಬೇಕು, ಅದೂ ಯಂತ್ರದ ಬಗ್ಗೆಯೇ. ‘ಬೆಲ್ಟ್ ಸಡಿಲವಾಗಿದೆ, ಎಣ್ಣೆ ಬಿಟ್ಟು ಒಂದು ದಿನ ಹಾಗೇ ಇಡಿ’ ಎಂದು ಬರೆದರೆ ಮಾತು ಮುಂದುವರಿಯುತ್ತದೆ. ಮೊದಲ ಎರಡು ದಿನ ಸಹಾಯಕಿಯ ಕೈಯಿಂದ ಎಲ್ಲರಿಗೂ ಕೋರ್ಸಿನ ಪಟ್ಟಿ ಕಳಿಸಿದ್ದೆ. ಆ ಇಪ್ಪತ್ತು ಮಂದಿಯಲ್ಲಿ ಬಂದವರು ಇಬ್ಬರೋ ಮೂವರೋ. ದೋಣಿಯಾಕಾರದ ಷಟಲ್ ಇರುವ ತೀರಾ ಹಳೆಯ ಯಂತ್ರವಾದರೆ ಬಿಡಿಭಾಗ ಸಿಗುವುದು ಕಷ್ಟ ಎಂದು ಮೊದಲೇ ಹೇಳಿಬಿಡುತ್ತೇನೆ. ಅಂಥವರಲ್ಲೂ ಇಬ್ಬರು ನಮ್ಮ ಯಂತ್ರದಲ್ಲಿ ಕಲಿಯುತ್ತೇವೆಂದು ಸೇರಿದರು.

ನಡುವೆ ಕೆಲವು ಪ್ರಯೋಗಗಳನ್ನೂ ಮಾಡಿದೆ. ಅಜ್ಜಿಯ ಬದಲು ಅಮ್ಮ ಎಂದು ಬದಲಾಯಿಸಿ ಮೂರು ದಿನ ಬಿಟ್ಟಾಗ ಫೋಟೊಗಳು ಅರ್ಧಕ್ಕಿಳಿದವು. ಅಮ್ಮ ಇನ್ನೂ ಹೊಲಿಯುತ್ತಿರುತ್ತಾರೆ, ರವಿಕೆ ಬಿಗಿಯಾದರೆ ಬಿಚ್ಚಿ ಕೊಡುತ್ತಾರೆ, ಮನೆಯಲ್ಲಿ ಏನೂ ನಿಂತುಹೋಗಿರುವುದಿಲ್ಲ ಎಂಬುದೇ ಕಾರಣವೆಂದು ನನ್ನ ಅಂದಾಜು. ಕತೆಯನ್ನೇ ಅಚ್ಚು ಹಾಕಿಸಿ ಫಾಲ್, ಪೀಕೋ ಮಾಡುವ ಅಂಗಡಿಗಳಲ್ಲಿ ಅಂಟಿಸಿದ್ದರಿಂದ ನಾಲ್ಕು ಮಂದಿ ಬಂದರು, ಖರ್ಚು ಮುನ್ನೂರು ರೂಪಾಯಿಯೂ ಆಗಲಿಲ್ಲ. ಕಾಲೇಜು ಹುಡುಗಿಯರ ಮೇಲೆ ಮಾತ್ರ ಈ ಕತೆ ಏನೂ ಮಾಡಲಿಲ್ಲ. ಅವರಿಗೆ ಬೇಕಾದದ್ದು ಆರಿ ವರ್ಕು, ಅದಕ್ಕೆ ಬೇರೆಯೇ ಬರೆಯಬೇಕು.

ಜಾಹೀರಾತಿನಲ್ಲಿ ಹೇಳಿದ್ದಕ್ಕೆ ತಕ್ಕಂತೆ ತರಗತಿಯ ಮೊದಲ ದಿನವನ್ನೂ ಬದಲಾಯಿಸಬೇಕಾಯಿತು. ಮೊದಲೆಲ್ಲ ಅಳತೆಯಿಂದ ಶುರು ಮಾಡುತ್ತಿದ್ದೆ. ಈಗ ದಾರ ಪೋಣಿಸದೆ, ಗೆರೆ ಎಳೆದ ಹಾಳೆಯನ್ನು ಸೂಜಿಯ ಕೆಳಗಿಟ್ಟು, ಚಕ್ರ ಒಮ್ಮೆಯೂ ಹಿಂದಕ್ಕೆ ಹೋಗದಂತೆ ಹತ್ತು ಗೆರೆ ತುಳಿಸುತ್ತೇನೆ. ಅದು ಬಂದ ಮೇಲೆಯೇ ದಾರ ಕೈಗೆ ಕೊಡುತ್ತೇನೆ.