ವೆಂಡರ್ ನೋಂದಣಿಗೆ ಮೇಲ್ ಬರೆಯುವ ಮೊದಲು ಹೆಸರು ಸರಿ ಮಾಡಿಕೊಳ್ಳಿ

ದೊಡ್ಡ ಕಂಪನಿಗಳ ಪರ್ಚೇಸ್ ವಿಭಾಗಕ್ಕೆ ವೆಂಡರ್ ನೋಂದಣಿ ಕೇಳಿ ಬರುವ ಮೇಲ್‌ಗಳು ಹೆಚ್ಚುಕಡಿಮೆ ಒಂದೇ ಥರ ಇರುತ್ತವೆ. ‘ನಾವು ಈ ಕ್ಷೇತ್ರದಲ್ಲಿ ಮುಂಚೂಣಿಯಲ್ಲಿದ್ದೇವೆ’ ಎನ್ನುವ ಎರಡು ಪ್ಯಾರಾ, ದಪ್ಪನೆಯ ಬ್ರೋಷರ್, ಮೊಬೈಲಿನಲ್ಲಿ ತೆಗೆದ ಮಸುಕು ದಾಖಲೆಗಳು. ಓದುವವರಿಗೆ ಇದರಿಂದ ಏನೂ ಉಪಯೋಗವಿಲ್ಲ. ಅವರ ಮುಂದಿರುವ ಕೆಲಸ ಎರಡೇ. ನೀವು ಕೊಡುವ ವಸ್ತು ತಮಗೆ ಬೇಕಾ ಅಂತ ನೋಡಬೇಕು. ಬೇಕಿದ್ದರೆ ನಿಮ್ಮ ಹೆಸರು, ಜಿಎಸ್‌ಟಿ ಸಂಖ್ಯೆ, ಬ್ಯಾಂಕ್ ಖಾತೆಯನ್ನು ಸಿಸ್ಟಮ್‌ಗೆ ಹಾಕಬೇಕು. ಆಗ ಒಂದು ದಾಖಲೆಗೂ ಇನ್ನೊಂದಕ್ಕೂ ತಾಳೆಯಾಗದಿದ್ದರೆ ಫೈಲ್ ಅಲ್ಲೇ ನಿಂತುಬಿಡುತ್ತದೆ. ‘ಆಗಲ್ಲ’ ಅಂತಲೂ ಹೇಳುವುದಿಲ್ಲ, ‘ಆಯ್ತು’ ಅಂತಲೂ ಹೇಳುವುದಿಲ್ಲ.

ಆದ್ದರಿಂದ ಮೇಲ್ ಬರೆಯುವುದನ್ನು ಆಮೇಲೆ ಇಟ್ಟುಕೊಳ್ಳಿ. ಮೊದಲು ದಾಖಲೆಗಳನ್ನು ಮೇಜಿನ ಮೇಲೆ ಹರಡಿ.

ಹೆಸರು ತಾಳೆ ನೋಡುವುದು

ಒಂದು ಉದಾಹರಣೆ ಹಿಡಿದುಕೊಂಡೇ ಹೋಗೋಣ. ರಟ್ಟಿನ ಪೆಟ್ಟಿಗೆ ಮಾಡುವ ಸಣ್ಣ ಘಟಕ, ಒಬ್ಬರೇ ಮಾಲೀಕರು. ಹೆಸರು ‘ಕ.ಖ. ಪ್ಯಾಕೇಜಿಂಗ್’ ಅಂತಿಟ್ಟುಕೊಳ್ಳಿ. ಬೋರ್ಡಿನ ಮೇಲೆ ಹಾಗೇ ಇದೆ. ಜಿಎಸ್‌ಟಿ ಪ್ರಮಾಣಪತ್ರದಲ್ಲಿ ‘ಕ.ಖ. ಪ್ಯಾಕೇಜಿಂಗ್ಸ್’ ಎಂದಿದೆ. ಉದ್ಯಮ್ ಪ್ರಮಾಣಪತ್ರದಲ್ಲಿ ‘ಮೆ. ಕ.ಖ. ಪ್ಯಾಕೇಜಿಂಗ್ ಇಂಡಸ್ಟ್ರೀಸ್’. ಬ್ಯಾಂಕಿನ ಚೆಕ್ ಮೇಲೆ ಇರುವುದು ಮಾಲೀಕರ ಹೆಸರು ಮಾತ್ರ. ಮಾಲೀಕರಿಗೆ ಇವೆಲ್ಲ ಒಂದೇ. ಪರ್ಚೇಸ್‌ನವರ ಕಣ್ಣಿಗೆ ಇವು ನಾಲ್ಕು ಬೇರೆ ಬೇರೆ ಸಂಸ್ಥೆಗಳು. ತಪ್ಪು ಖಾತೆಗೆ ದುಡ್ಡು ಹೋದರೆ ಉತ್ತರ ಕೊಡಬೇಕಾದವರು ಅವರೇ ಅಲ್ವಾ?

ಸ್ವಂತ ಮಾಲೀಕತ್ವದ ಸಂಸ್ಥೆಗಳಲ್ಲಿ ಈ ಗೊಂದಲ ಜಾಸ್ತಿ. ಅದಕ್ಕೆ ಕಾರಣವಿದೆ. ಇಂಥ ಸಂಸ್ಥೆಗೆ ಬೇರೆ ಪ್ಯಾನ್ ಇರುವುದಿಲ್ಲ, ಮಾಲೀಕರ ಪ್ಯಾನೇ ಸಂಸ್ಥೆಯ ಪ್ಯಾನ್. ಹಾಗಾಗಿ ಜಿಎಸ್‌ಟಿ ಪ್ರಮಾಣಪತ್ರದಲ್ಲಿ, ಅಂದರೆ ಆರ್‌ಇಜಿ-06 ನಮೂನೆಯಲ್ಲಿ, ಎರಡು ಹೆಸರು ಇರುತ್ತವೆ. ‘ಲೀಗಲ್ ನೇಮ್’ ಎಂದಿರುವ ಕಡೆ ಮಾಲೀಕರ ಹೆಸರು, ‘ಟ್ರೇಡ್ ನೇಮ್’ ಎಂದಿರುವ ಕಡೆ ಅಂಗಡಿ ಅಥವಾ ಕಾರ್ಖಾನೆಯ ಹೆಸರು. ಇದು ತಪ್ಪಲ್ಲ, ಇರಬೇಕಾದದ್ದೇ ಹೀಗೆ. ಎರಡರ ನಡುವಿನ ಸಂಬಂಧವನ್ನು ಮೇಲ್‌ನಲ್ಲಿ ಹೇಳದೇ ಬಿಡುವುದೇ ತಪ್ಪು.

ಜಿಎಸ್‌ಟಿ ಸಂಖ್ಯೆಯನ್ನೂ ಒಮ್ಮೆ ಬಿಡಿಸಿ ನೋಡಿ. ಒಟ್ಟು 15 ಅಕ್ಷರ. ಮೊದಲ ಎರಡು ರಾಜ್ಯದ ಸಂಕೇತ, ಮುಂದಿನ ಹತ್ತು ನಿಮ್ಮ ಪ್ಯಾನ್. ಪ್ಯಾನ್‌ನ ನಾಲ್ಕನೇ ಅಕ್ಷರ ಯಾರದ್ದೆಂದು ಹೇಳುತ್ತದೆ: P ಇದ್ದರೆ ವ್ಯಕ್ತಿ, F ಇದ್ದರೆ ಪಾಲುದಾರಿಕೆ, C ಇದ್ದರೆ ಕಂಪನಿ. ಅಂದರೆ ಜಿಎಸ್‌ಟಿ ಸಂಖ್ಯೆಯ ಆರನೇ ಅಕ್ಷರ ನೋಡಿದರೆ ಸಾಕು, ನೀವು ಏನು ಅಂತ ಗೊತ್ತಾಗುತ್ತದೆ. ಅಲ್ಲಿ P ಇದ್ದು, ಮೇಲ್‌ನ ಕೊನೆಯಲ್ಲಿ ‘ನಿರ್ದೇಶಕರು’ ಎಂದು ಸಹಿ ಇದ್ದರೆ ಅನುಮಾನ ಶುರು. ಸ್ವಂತ ಸಂಸ್ಥೆಯಾದರೆ ‘ಮಾಲೀಕರು’ ಅಂತಲೇ ಬರೆಯಿರಿ. ಅದರಲ್ಲಿ ಮರ್ಯಾದೆ ಕಡಿಮೆಯಾಗುವಂಥದ್ದು ಏನಿಲ್ಲ.

ನನ್ನ ಸಲಹೆ ಇಷ್ಟು: ಆರ್‌ಇಜಿ-06ರಲ್ಲಿರುವ ಟ್ರೇಡ್ ನೇಮ್ ಅನ್ನೇ ಮೂಲ ಎಂದು ಹಿಡಿಯಿರಿ, ಉಳಿದದ್ದನ್ನೆಲ್ಲ ಅದಕ್ಕೆ ಹೊಂದಿಸಿ. ಯಾಕೆಂದರೆ ನಿಮ್ಮ ಬಿಲ್ ಹೋಗುವುದು ಆ ಹೆಸರಿನಲ್ಲಿ, ಕಂಪನಿಯವರು ಜಿಎಸ್‌ಟಿ ಪೋರ್ಟಲ್‌ನಲ್ಲಿ ಹುಡುಕಿ ನೋಡುವುದೂ ಅದನ್ನೇ. ನಮ್ಮ ಉದಾಹರಣೆಯಲ್ಲಿ ‘ಪ್ಯಾಕೇಜಿಂಗ್ಸ್’ ಎಂಬುದೇ ಉಳಿಯಲಿ. ಉದ್ಯಮ್ ಪೋರ್ಟಲ್‌ನಲ್ಲಿ ಹೆಸರು ತಿದ್ದಿಕೊಳ್ಳಿ. ಅದಕ್ಕೆ ಶುಲ್ಕ ಇಲ್ಲ. ಸರ್ಕಾರದ ತಾಣ `udyamregistration.gov.in` ಒಂದೇ. ಅದನ್ನೇ ಹೋಲುವ ಹೆಸರಿಟ್ಟುಕೊಂಡು ನೋಂದಣಿಗೂ ತಿದ್ದುಪಡಿಗೂ ದುಡ್ಡು ಕೇಳುವ ತಾಣಗಳಿವೆ, ಅವುಗಳ ಸಹವಾಸ ಬೇಡ. ಜಿಎಸ್‌ಟಿಯಲ್ಲೇ ಹೆಸರು ಬದಲಿಸುತ್ತೇನೆ ಎಂದರೆ ‘ಕೋರ್ ಫೀಲ್ಡ್’ ತಿದ್ದುಪಡಿಗೆ ಅರ್ಜಿ ಹಾಕಬೇಕು, ಅಧಿಕಾರಿ ಒಪ್ಪಬೇಕು. ಅದಕ್ಕಿಂತ ಬೋರ್ಡು, ಲೆಟರ್‌ಹೆಡ್, ಬಿಲ್ ಪುಸ್ತಕ ಬದಲಿಸುವುದೇ ಸುಲಭ.

ಇನ್ನು ಬ್ಯಾಂಕ್ ಖಾತೆ. ರದ್ದು ಮಾಡಿದ ಚೆಕ್ ಕೇಳುವುದು ಖಾತೆ ಸಂಖ್ಯೆಗಾಗಿ ಮಾತ್ರ ಅಲ್ಲ, ಅದರ ಮೇಲೆ ಮುದ್ರಿಸಿದ ಹೆಸರಿಗಾಗಿ. ಹೆಸರು ಮುದ್ರಿಸದ ಚೆಕ್ ಕಳಿಸಿ ಪ್ರಯೋಜನವಿಲ್ಲ. ಪೆನ್ನಿನಲ್ಲಿ ಹೆಸರು ಬರೆದು ಕಳಿಸುವವರೂ ಇದ್ದಾರೆ, ಅದನ್ನು ಯಾರೂ ಒಪ್ಪುವುದಿಲ್ಲ. ಹೆಸರಿರುವ ಚೆಕ್ ಪುಸ್ತಕ ಇಲ್ಲದಿದ್ದರೆ ಬ್ಯಾಂಕಿನಿಂದ ಸಹಿ, ಮೊಹರು ಇರುವ ಪತ್ರ ತನ್ನಿ. ಖಾತೆದಾರರ ಹೆಸರು, ಖಾತೆ ಸಂಖ್ಯೆ, ಐಎಫ್‌ಎಸ್‌ಸಿ ಮೂರೂ ಅದರಲ್ಲಿರಲಿ. ಮಾಲೀಕರ ಉಳಿತಾಯ ಖಾತೆಯಲ್ಲೇ ವ್ಯವಹಾರ ನಡೆಸುತ್ತಿದ್ದರೆ ಮೊದಲು ಸಂಸ್ಥೆಯ ಹೆಸರಿನಲ್ಲಿ ಚಾಲ್ತಿ ಖಾತೆ ತೆರೆಯಿರಿ. ಅಲ್ಲಿಯವರೆಗೆ ದೊಡ್ಡ ಕಂಪನಿಗೆ ಮೇಲ್ ಮಾಡಬೇಡಿ.

ಯಾವ ದಾಖಲೆ, ಯಾಕೆ

ಜಿಎಸ್‌ಟಿ ಪ್ರಮಾಣಪತ್ರವನ್ನು ಎಲ್ಲ ಪುಟ ಸೇರಿಸಿ ಕಳಿಸಿ. ಮೊದಲ ಪುಟ ಮಾತ್ರ ಕಳಿಸುವವರು ಬಹಳ. ಹೆಚ್ಚುವರಿ ಜಾಗಗಳ ವಿಳಾಸ ಅನುಬಂಧ ‘ಎ’ಯಲ್ಲಿ ಇರುತ್ತದೆ. ಮಾಲು ಹೊರಡುವುದು ಗೋಡೌನ್‌ನಿಂದ, ಆ ವಿಳಾಸ ಅಲ್ಲಿ ಇಲ್ಲ ಎಂದಾದರೆ ಮೊದಲ ಲೋಡಿಗೇ ಪ್ರಶ್ನೆ ಬರುತ್ತದೆ. ರಿಟರ್ನ್ ಬಾಕಿ ಇದ್ದರೆ ಮೇಲ್ ಮಾಡುವ ಮೊದಲೇ ಸಲ್ಲಿಸಿ. ಯಾರು ಬೇಕಾದರೂ ಪೋರ್ಟಲ್‌ನಲ್ಲಿ ನಿಮ್ಮ ಸಂಖ್ಯೆ ಹಾಕಿ ರಿಟರ್ನ್ ಸಲ್ಲಿಕೆಯ ಪಟ್ಟಿ ನೋಡಬಹುದು. ನೀವು ಜಿಎಸ್‌ಟಿಆರ್-1 ಸಲ್ಲಿಸದಿದ್ದರೆ ನಿಮ್ಮ ಬಿಲ್ ಅವರ ತೆರಿಗೆ ಕ್ರೆಡಿಟ್ ಪಟ್ಟಿಯಾದ ಜಿಎಸ್‌ಟಿಆರ್-2ಬಿಯಲ್ಲಿ ಕಾಣುವುದಿಲ್ಲ, ಅವರಿಗೆ ತೆರಿಗೆ ಕ್ರೆಡಿಟ್ ಸಿಗುವುದಿಲ್ಲ. ಹಾಗಾಗಿ ಅವರು ನೋಡಿಯೇ ನೋಡುತ್ತಾರೆ.

ಉದ್ಯಮ್ ಪ್ರಮಾಣಪತ್ರವನ್ನು ಮರೆಯಬೇಡಿ. ಸೂಕ್ಷ್ಮ ಅಥವಾ ಸಣ್ಣ ಉತ್ಪಾದಕರಿಗೆ, ಸೇವೆ ಕೊಡುವವರಿಗೆ ಎಂಎಸ್‌ಎಂಇಡಿ ಕಾಯ್ದೆ 2006ರ ಪ್ರಕಾರ ಗರಿಷ್ಠ 45 ದಿನದೊಳಗೆ ಹಣ ಕೊಡಬೇಕು. ಬರಹದಲ್ಲಿ ಒಪ್ಪಂದ ಇಲ್ಲದಿದ್ದರೆ 15 ದಿನ. ಕಂಪನಿಯ ಅಕೌಂಟ್ಸ್‌ನವರಿಗೆ ನಿಮ್ಮ ವರ್ಗ ಮೊದಲೇ ಗೊತ್ತಿರಬೇಕು. ಬರೀ ವ್ಯಾಪಾರ ಮಾಡುವವರಿಗೂ ಉದ್ಯಮ್ ನೋಂದಣಿ ಸಿಗುತ್ತದೆ, ಆದರೆ ಆದ್ಯತಾ ವಲಯದ ಸಾಲಕ್ಕೆ ಮಾತ್ರ. ಅದನ್ನು ತೋರಿಸಿ 45 ದಿನದ ಮಾತೆತ್ತಬೇಡಿ.

ನಿಮಗೆ ಅನ್ವಯಿಸದ ದಾಖಲೆಗಳ ವಿಷಯದಲ್ಲಿ ಸುಮ್ಮನಿರಬೇಡಿ. ಇಎಸ್‌ಐ ಸಾಮಾನ್ಯವಾಗಿ 10 ಜನರಿಂದ, ಪಿಎಫ್ 20 ಜನರಿಂದ ಶುರುವಾಗುತ್ತದೆ. ಇ-ಇನ್‌ವಾಯ್ಸ್ 5 ಕೋಟಿ ರೂಪಾಯಿ ದಾಟಿದ ವಹಿವಾಟಿಗೆ. ನಿಮ್ಮಲ್ಲಿ ಏಳೇ ಜನ ಇದ್ದರೆ, ವಹಿವಾಟು ಎರಡು ಕೋಟಿ ಇದ್ದರೆ, ಲೆಟರ್‌ಹೆಡ್ ಮೇಲೆ ಕಾರಣ ಸಮೇತ ‘ನಮಗೆ ಅನ್ವಯಿಸುವುದಿಲ್ಲ’ ಎಂದು ಬರೆದು ಸಹಿ ಮಾಡಿ ಸೇರಿಸಿ. ಖಾಲಿ ಬಿಟ್ಟರೆ ‘ದಾಖಲೆ ಇಲ್ಲ’ ಎಂದು ಗುರುತು ಬೀಳುತ್ತದೆ. ಪತ್ರ ಇದ್ದರೆ ಆ ಕಾಲಂ ಮುಗಿಯಿತು.

ಐಎಸ್‌ಒ 9001 ಇದ್ದರೆ ಅದರ ವ್ಯಾಪ್ತಿ ಎಂಬ ಸಾಲು ಓದಿ. ಅಲ್ಲಿ ‘ಟ್ರೇಡಿಂಗ್’ ಎಂದಿದ್ದು ನೀವು ಪೆಟ್ಟಿಗೆ ತಯಾರಿಸುತ್ತೇವೆ ಎಂದರೆ ಅದು ನಿಮ್ಮ ವಿರುದ್ಧವೇ ಸಾಕ್ಷಿ. ಆಡಿಟ್ ಇಲ್ಲದೆ ಎರಡೇ ದಿನದಲ್ಲಿ ಕೊಡುತ್ತೇವೆ ಎನ್ನುವ ಅಗ್ಗದ ಐಎಸ್‌ಒ ಖಂಡಿತ ಬೇಡ. ಎನ್‌ಎಬಿಸಿಬಿಯಂಥ ಮಾನ್ಯತಾ ಸಂಸ್ಥೆಯ ಗುರುತು ಇಲ್ಲದ ಪ್ರಮಾಣಪತ್ರವನ್ನು ಅನುಭವಸ್ಥರು ನೋಡಿದ ಕೂಡಲೇ ಪಕ್ಕಕ್ಕಿಡುತ್ತಾರೆ. ಇಲ್ಲದಿದ್ದರೆ ಇಲ್ಲ ಎನ್ನುವುದೇ ಮೇಲು.

ಮೇಲ್ ಬರೆಯುವುದು

ಇಷ್ಟಾದ ಮೇಲೆ ಬರೆಯುವುದು ಹತ್ತು ನಿಮಿಷದ ಕೆಲಸ. ಇಂಗ್ಲಿಷ್‌ನಲ್ಲಿ ಬರೆದರೂ ಸಾಲುಗಳ ಕ್ರಮ ಹೀಗಿರಲಿ:

> ವಿಷಯ: ವೆಂಡರ್ ನೋಂದಣಿ – 3 ಮತ್ತು 5 ಪ್ಲೈ ರಟ್ಟಿನ ಪೆಟ್ಟಿಗೆ ತಯಾರಕರು – ಕ.ಖ. ಪ್ಯಾಕೇಜಿಂಗ್ಸ್
>
> ಮಾನ್ಯರೇ,
>
> ನಾವು 3 ಮತ್ತು 5 ಪ್ಲೈ ರಟ್ಟಿನ ಪೆಟ್ಟಿಗೆಗಳನ್ನು (ಎಚ್‌ಎಸ್‌ಎನ್ 4819) ಸ್ವಂತ ಘಟಕದಲ್ಲಿ ತಯಾರಿಸುತ್ತೇವೆ. ತಿಂಗಳಿಗೆ 60 ಟನ್ ಸಾಮರ್ಥ್ಯವಿದ್ದು ಸದ್ಯ 40 ಟನ್ ಬಳಕೆಯಲ್ಲಿದೆ. ಬರ್ಸ್ಟಿಂಗ್ ಸ್ಟ್ರೆಂತ್ ಪರೀಕ್ಷೆ ನಮ್ಮಲ್ಲೇ ಆಗುತ್ತದೆ, ಪ್ರತಿ ಲೋಡಿನ ಜೊತೆ ವರದಿ ಕೊಡುತ್ತೇವೆ. 7 ಪ್ಲೈ ಪೆಟ್ಟಿಗೆ ಮಾಡುವುದಿಲ್ಲ.
>
> ಇದು ಸ್ವಂತ ಮಾಲೀಕತ್ವದ ಸಂಸ್ಥೆ. ಪ್ಯಾನ್ ಮತ್ತು ಜಿಎಸ್‌ಟಿಯ ಲೀಗಲ್ ನೇಮ್ ಮಾಲೀಕರ ಹೆಸರಿನಲ್ಲಿವೆ. ಜಿಎಸ್‌ಟಿಯ ಟ್ರೇಡ್ ನೇಮ್, ಉದ್ಯಮ್, ಬ್ಯಾಂಕ್ ಖಾತೆ ಸಂಸ್ಥೆಯ ಹೆಸರಿನಲ್ಲಿವೆ. ಉದ್ಯಮ್ ವರ್ಗ: ಸೂಕ್ಷ್ಮ, ಉತ್ಪಾದನೆ. ಪಿಎಫ್, ಇಎಸ್‌ಐ, ಇ-ಇನ್‌ವಾಯ್ಸ್ ಅನ್ವಯಿಸುವುದಿಲ್ಲ, ಘೋಷಣಾ ಪತ್ರ ಲಗತ್ತಿಸಿದೆ. ಐಎಸ್‌ಒ ಪ್ರಮಾಣಪತ್ರ ಇಲ್ಲ.
>
> ನೋಂದಣಿ ನಮೂನೆ ಅಥವಾ ಪೋರ್ಟಲ್ ಲಿಂಕ್ ಕಳಿಸಬೇಕಾಗಿ ವಿನಂತಿ.

ಕೆಳಗೆ ಹೆಸರು, ಹುದ್ದೆ, ಫೋನ್, ಲಗತ್ತುಗಳ ಪಟ್ಟಿ. ಮುಗಿಯಿತು.

‘7 ಪ್ಲೈ ಮಾಡುವುದಿಲ್ಲ’ ಎಂಬ ಸಾಲನ್ನು ತೆಗೆಯೋಣ ಎಂದು ತುಂಬ ಜನ ಹೇಳುತ್ತಾರೆ. ತೆಗೆಯಬೇಡಿ. ಎಲ್ಲವನ್ನೂ ಮಾಡುತ್ತೇವೆ ಎನ್ನುವವರನ್ನು ಯಾವ ಪಟ್ಟಿಗೆ ಸೇರಿಸಬೇಕು ಎಂದೇ ಪರ್ಚೇಸ್‌ನವರಿಗೆ ತಿಳಿಯುವುದಿಲ್ಲ. ಸಾಮರ್ಥ್ಯದ ಜೊತೆ ಈಗಿನ ಬಳಕೆಯನ್ನೂ ಹೇಳಬೇಕು. 60 ಟನ್ ಎಂದಷ್ಟೇ ಹೇಳಿದರೆ ಅವರಿಗೆ ಎಷ್ಟು ಸಿಗುತ್ತದೆ ಎಂಬುದು ಗೊತ್ತಾಗದು. ಈಗಿನ ಗ್ರಾಹಕರ ಹೆಸರು ಹಾಕುವುದಾದರೆ ಅವರನ್ನು ಕೇಳಿ ಹಾಕಿ. ಅವರ ಪಿಒ ಪ್ರತಿ ಲಗತ್ತಿಸುವುದಾದರೆ ದರ ಮುಚ್ಚಿ. ಒಬ್ಬರ ದರವನ್ನು ಇನ್ನೊಬ್ಬರಿಗೆ ತೋರಿಸುವವರು ನಾಳೆ ನಮ್ಮದನ್ನೂ ತೋರಿಸುತ್ತಾರೆ ಎಂದೇ ಓದುವವರು ಎಣಿಸುತ್ತಾರೆ.

ಲಗತ್ತು ಮತ್ತು ಕಳಿಸುವುದು

ಸ್ಕ್ಯಾನರ್‌ನಲ್ಲಿ ಸ್ಕ್ಯಾನ್ ಮಾಡಿ, ಒಂದೊಂದು ದಾಖಲೆಗೆ ಒಂದೊಂದು ಪಿಡಿಎಫ್ ಮಾಡಿ. ಫೈಲಿನ ಹೆಸರು ನೋಡಿದರೆ ಒಳಗೇನಿದೆ ಎಂದು ಗೊತ್ತಾಗಬೇಕು:

```
01_GST_REG06.pdf
02_PAN.pdf
03_Udyam.pdf
04_Cancelled_Cheque.pdf
05_Declaration_PF_ESI_EInvoice.pdf
```

ಒಟ್ಟು ಗಾತ್ರ 7 ಎಂಬಿಯೊಳಗೆ ಇರಲಿ. ಲಗತ್ತು ಮೇಲ್‌ನಲ್ಲಿ ಹೋಗುವಾಗ ಮೂರನೇ ಒಂದರಷ್ಟು ಉಬ್ಬುತ್ತದೆ, 10 ಎಂಬಿ ಮಿತಿ ಇಟ್ಟಿರುವ ಕಂಪನಿಗಳಿವೆ. ಪಾಸ್‌ವರ್ಡ್ ಹಾಕಿದ ಜಿಪ್ ಫೈಲ್ ಬೇಡ, ಫಿಲ್ಟರ್‌ನಲ್ಲೇ ಸಿಕ್ಕಿಹಾಕಿಕೊಳ್ಳಬಹುದು. ಡ್ರೈವ್ ಲಿಂಕ್ ಕೂಡ ಹಾಗೆಯೇ, ಎಷ್ಟೋ ಆಫೀಸುಗಳಲ್ಲಿ ಅದು ತೆರೆಯುವುದೇ ಇಲ್ಲ.

ಒಂದು ಕಂಪನಿಗೆ ಒಂದು ಮೇಲ್. ಇಪ್ಪತ್ತು ಕಂಪನಿಗಳನ್ನು ಒಟ್ಟಿಗೆ ಸೇರಿಸಿ ಕಳಿಸುವುದು ಬೇಡವೇ ಬೇಡ. ಎಂಟು ಹತ್ತು ದಿನ ಉತ್ತರ ಬಾರದಿದ್ದರೆ ಅದೇ ಮೇಲ್‌ಗೆ ‘ರಿಪ್ಲೈ’ ಒತ್ತಿ ಎರಡು ಸಾಲು ಬರೆಯಿರಿ. ಹೊಸ ಮೇಲ್ ಆದರೆ ದಾಖಲೆಗಳನ್ನು ಅವರು ಮತ್ತೆ ಹುಡುಕಬೇಕಾಗುತ್ತದೆ.

ಪೋರ್ಟಲ್ ಲಿಂಕ್ ಬಂದಾಗ ಕ್ಲಿಕ್ ಮಾಡುವ ಮೊದಲು ಕಳಿಸಿದವರ ಮೇಲ್ ವಿಳಾಸದಲ್ಲಿ @ ನಂತರದ ಭಾಗ ಕಂಪನಿಯದ್ದೇನಾ ಎಂದು ಅಕ್ಷರ ಅಕ್ಷರ ಓದಿ. ನೋಂದಣಿ ಶುಲ್ಕ ಅಥವಾ ಠೇವಣಿಯನ್ನು ಯಾರದೋ ಖಾತೆಗೆ ಹಾಕಿ ಎಂದರೆ ಹಾಕಬೇಡಿ. ಕಂಪನಿಯ ವೆಬ್‌ಸೈಟಿನಲ್ಲಿರುವ ನಂಬರಿಗೆ ಫೋನ್ ಮಾಡಿ ಕೇಳಿ. ಲಿಂಕ್ ಸರಿಯಾಗಿದ್ದರೆ ಆರ್‌ಇಜಿ-06 ಪಕ್ಕದಲ್ಲಿಟ್ಟುಕೊಂಡು ‘ಪ್ಯಾಕೇಜಿಂಗ್ಸ್’ನ ಕೊನೆಯ ‘ಸ್’ ಕೂಡ ಬಿಡದೆ ಹಾಗೆಯೇ ತುಂಬಿ.